ಮೂರು ಫ್ಲಾಸ್ಕುಗಳ ಪ್ರಶ್ನೆ: ಇಂಟರ್ನ್‌ಶಿಪ್ ಕೇಳಿ ಪ್ರೊಫೆಸರರಿಗೆ ಬರೆಯುವ ಮೇಲ್

(ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಬಿಎಸ್ಸಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಹತ್ತಿರ ಬಂತೆಂದರೆ ಧಾರವಾಡದಲ್ಲಿ ನಮ್ಮಂಥ ಅಧ್ಯಾಪಕರಿಗೆ ಬೇಸಿಗೆ ಇಂಟರ್ನ್‌ಶಿಪ್ ಕೇಳುವ ಮೇಲ್‌ಗಳು ಬರತೊಡಗುತ್ತವೆ. ಅವುಗಳಲ್ಲಿ ಮುಕ್ಕಾಲು ಪಾಲು ಹೀಗೆ ಶುರುವಾಗುತ್ತವೆ: 'ನಿಮ್ಮ ಸಂಶೋಧನೆ ನನಗೆ ತುಂಬಾ ಆಸಕ್ತಿದಾಯಕ ಅನ್ನಿಸಿತು, ನಿಮ್ಮ ಮಾರ್ಗದರ್ಶನದಲ್ಲಿ ಕೆಲಸ ಮಾಡುವ ಹಂಬಲವಿದೆ.' ಬರೆದ ಹುಡುಗ ಸುಳ್ಳು ಹೇಳುತ್ತಿದ್ದಾನೆ ಅಂತ ನಾನು ಅನ್ನುವುದಿಲ್ಲ. ಆದರೆ ಅದೇ ವಾಕ್ಯವನ್ನು ಭೂಗರ್ಭಶಾಸ್ತ್ರದವರಿಗೂ ಕಳಿಸಬಹುದು, ಗಣಿತದವರಿಗೂ ಕಳಿಸಬಹುದು. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನೊಬ್ಬ ಪ್ರೊಫೆಸರರಿಗೆ ಕಳಿಸಲು ಬಾರದಂಥ ಎರಡು ಮೂರು ವಾಕ್ಯ ಮೇಲ್‌ನಲ್ಲಿ ಇರಬೇಕು. ಅವು ಎಲ್ಲಿ ಸಿಗುತ್ತವೆ, ಹೇಗೆ ಹುಡುಕಬೇಕು ಅನ್ನುವುದನ್ನಷ್ಟೇ ಇವತ್ತು ಮಾತಾಡುತ್ತೇನೆ. ಬಯೋಡೇಟಾ ಹೇಗಿರಬೇಕು, ಫೋಟೋ ಹಚ್ಚಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಮೇಡಂ ಚೆನ್ನಾಗಿ ಹೇಳಿಕೊಟ್ಟಿದ್ದಾರೆ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಇವತ್ತಿಗಾಗಿ ನಾನೇ ಕಟ್ಟಿದ್ದು, ಇದರಲ್ಲಿ ಬರುವ ಪ್ರೊಫೆಸರ್ ಮತ್ತು ಅವರ ಲೇಖನ ಎರಡೂ ಕಲ್ಪಿತ. ಅಳತೆಯ ವಿಧಾನ ಮಾತ್ರ ನಿಜವಾದದ್ದು, ಮಸಾಲೆ ಪದಾರ್ಥಗಳ ಲ್ಯಾಬ್‌ಗಳಲ್ಲಿ ದಿನವೂ ನಡೆಯುವಂಥದ್ದು. ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿ, ಬಿಎಸ್ಸಿ ಎರಡನೇ ವರ್ಷ, ರಸಾಯನಶಾಸ್ತ್ರ. ಧಾರವಾಡದಲ್ಲಿ ಒಬ್ಬ ಮಹಿಳಾ ಪ್ರೊಫೆಸರ್ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಮೇಲೆ ಕೆಲಸ ಮಾಡುತ್ತಾರೆ. ಅವರ ಲೇಖನವೊಂದರಲ್ಲಿ ಒಂದೇ ಖಾರದ ಪುಡಿಯನ್ನು ಸಾದಾ ಪ್ಲಾಸ್ಟಿಕ್ ಪೊಟ್ಟಣದಲ್ಲೂ ಅಲ್ಯೂಮಿನಿಯಂ ಪದರದ ಪೊಟ್ಟಣದಲ್ಲೂ ಆರು ತಿಂಗಳು ಇಟ್ಟು, ತಿಂಗಳಿಗೊಮ್ಮೆ ಬಣ್ಣ ಅಳೆದಿದ್ದಾರೆ. ಪ್ಲಾಸ್ಟಿಕ್‌ನಲ್ಲಿ ಇದ್ದದ್ದು ಬೇಗ ಬಣ್ಣ ಕಳೆದುಕೊಂಡಿದೆ.

ನಮ್ಮ ಹುಡುಗಿ ಮೊದಲ ಸಲ ಬರೆದ ಮೇಲ್ ಹೀಗಿದೆ ಅಂದುಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ ಜಗತ್ಪ್ರಸಿದ್ಧ, ಅದಕ್ಕೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ನಾನು ಅದೇ ಜಿಲ್ಲೆಯವಳು, ರೈತರ ಸಮಸ್ಯೆ ಪರಿಹರಿಸುವ ಆಸೆ ಇದೆ, ನಿಮ್ಮ ಲೇಖನದಲ್ಲಿ ಅಲ್ಯೂಮಿನಿಯಂ ಪೊಟ್ಟಣ ಉತ್ತಮ ಎಂದು ಓದಿ ಸಂತೋಷವಾಯಿತು. ಇದರಲ್ಲಿ ತಪ್ಪು ಅನ್ನುವಂಥದ್ದು ಏನೂ ಇಲ್ಲ. ಆದರೆ ಮೊದಲ ಎರಡು ಸಂಗತಿ ಆ ಪ್ರೊಫೆಸರರಿಗೆ ಗೊತ್ತಿರುವಂಥವು, ಕೊನೆಯದು ಲೇಖನದ ಸಾರಾಂಶದಲ್ಲೇ ಇದೆ. ಸಾರಾಂಶದ ಮಾತನ್ನೇ ಮೇಲ್‌ನಲ್ಲಿ ಮತ್ತೆ ಬರೆದರೆ, ಲೇಖನದ ಮೊದಲ ಹತ್ತು ಸಾಲು ಓದಿ ನಿಲ್ಲಿಸಿದ್ದೀರಿ ಅಂತ ಲೇಖನ ಬರೆದವರಿಗೆ ಕೂಡಲೇ ಗೊತ್ತಾಗುತ್ತದೆ. ಆ ಸಾರಾಂಶವನ್ನು ಅವರು ಎಷ್ಟೋ ಸಲ ತಿದ್ದಿ ತಿದ್ದಿ ಬರೆದಿರುತ್ತಾರೆ, ಅದರ ಒಂದೊಂದು ಪದವೂ ಅವರಿಗೆ ಬಾಯಿಪಾಠ.

ಹಾಗಾದರೆ ಏನು ಓದಬೇಕು? ನನ್ನ ಸಲಹೆ ಇಷ್ಟೇ: ಹತ್ತು ಲೇಖನ ಬೇಡ, ಒಂದೇ ಸಾಕು. ಅದರಲ್ಲೂ ವಿಧಾನದ ಭಾಗವನ್ನು ಪೆನ್ನು ಹಿಡಿದು ಓದಿ. ಮುನ್ನುಡಿ ಸುಲಭ, ಚರ್ಚೆಯ ಭಾಗ ಆಕರ್ಷಕ, ಹಾಗಾಗಿ ವಿದ್ಯಾರ್ಥಿಗಳು ಅಲ್ಲೇ ನಿಲ್ಲುತ್ತಾರೆ. ಆದರೆ ಇಂಟರ್ನ್ ಆಗಿ ಹೋದವರಿಗೆ ಸಿಗುವ ಕೆಲಸ ಇರುವುದು ವಿಧಾನದ ಭಾಗದಲ್ಲಿ. ತೂಗುವುದು, ಕರಗಿಸುವುದು, ಕಾಯುವುದು, ಓದಿ ಬರೆದುಕೊಳ್ಳುವುದು. ಆ ಕೆಲಸ ನಿಮಗೆ ಕಣ್ಣಿಗೆ ಕಟ್ಟಿದೆಯೇ ಅನ್ನುವುದನ್ನೇ ಪ್ರೊಫೆಸರ್ ಮೇಲ್‌ನಲ್ಲಿ ಹುಡುಕುತ್ತಾರೆ.

ಲೇಖನ ದುಡ್ಡು ಕೊಡದೆ ತೆರೆಯುವುದಿಲ್ಲ ಅಂತ ಕೆಲವರು ಕೈಬಿಡುತ್ತಾರೆ. ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಹುಡುಕಿದಾಗ ಬಲಗಡೆ ಪಿಡಿಎಫ್ ಕೊಂಡಿ ಇದೆಯೇ ನೋಡಿ. ಕಾಲೇಜುಗಳಿಗೆ ಆನ್‌ಲೈನ್ ಪತ್ರಿಕೆ, ಪುಸ್ತಕ ಒದಗಿಸುವ ಎನ್-ಲಿಸ್ಟ್ ಯೋಜನೆಗೆ ನಿಮ್ಮ ಕಾಲೇಜು ಸೇರಿದ್ದರೆ ಗ್ರಂಥಪಾಲಕರ ಹತ್ತಿರ ಲಾಗಿನ್ ಕೇಳಿ. ಇನ್ನೊಂದು ದಾರಿ ಬಹಳ ಜನರಿಗೆ ಹೊಳೆಯುವುದಿಲ್ಲ: ಶೋಧಗಂಗಾದಲ್ಲಿ ಆ ಪ್ರೊಫೆಸರರ ಪಿಎಚ್‌ಡಿ ವಿದ್ಯಾರ್ಥಿಗಳ ಪ್ರಬಂಧ ಹುಡುಕಿ. ಅದು ಪುಕ್ಕಟೆ ಸಿಗುತ್ತದೆ. ಲೇಖನದಲ್ಲಿ ನಾಲ್ಕು ಸಾಲಿಗೆ ಇಳಿಸಿದ ವಿಧಾನ ಪ್ರಬಂಧದಲ್ಲಿ ಅನೇಕ ಸಲ ನಾಲ್ಕು ಪುಟ ಇರುತ್ತದೆ. ಯಾವ ಉಪಕರಣ, ಎಷ್ಟು ಹೊತ್ತು, ಎಲ್ಲಿ ಕೈಕೊಟ್ಟಿತು, ಹೇಗೆ ಸರಿ ಮಾಡಿದರು, ಇದೆಲ್ಲಾ ಅಲ್ಲಿ ಸಿಗುತ್ತದೆ.

ಈಗ ನಮ್ಮ ಹುಡುಗಿ ವಿಧಾನದ ಭಾಗ ಓದುತ್ತಾಳೆ. ಮೆಣಸಿನಕಾಯಿ ವ್ಯಾಪಾರದಲ್ಲಿ ಬಣ್ಣವನ್ನು ಆಸ್ಟಾ ಅನ್ನುವ ಸಂಖ್ಯೆಯಲ್ಲಿ ಹೇಳುತ್ತಾರೆ. ಬ್ಯಾಡಗಿ ಮಾರುಕಟ್ಟೆಗೆ ಮಾಲು ಒಯ್ಯುವವರು ಮನೆಯಲ್ಲಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅಳೆಯುವುದು ಹೀಗೆ: 70ರಿಂದ 100 ಮಿಲಿಗ್ರಾಂ ಪುಡಿಯನ್ನು ನಿಖರವಾಗಿ ತೂಗಿ 100 ಮಿಲಿಲೀಟರ್ ಫ್ಲಾಸ್ಕಿಗೆ ಹಾಕಬೇಕು, ಗುರುತಿನವರೆಗೆ ಅಸಿಟೋನ್ ತುಂಬಿ, ಬಿರಡೆ ಬಿಗಿದು, ಅಲುಗಾಡಿಸಿ, ಕತ್ತಲಲ್ಲಿ 16 ಗಂಟೆ ಇಡಬೇಕು. ಮರುದಿನ ಮೇಲಿನ ತಿಳಿದ್ರವವನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 460 ನ್ಯಾನೋಮೀಟರ್ ಬೆಳಕಿಗೆ ಹಿಡಿದು ಅಬ್ಸಾರ್ಬೆನ್ಸ್ ಓದಬೇಕು. ಅದನ್ನು 16.4ರಿಂದ ಗುಣಿಸಿ, ಗ್ರಾಂ ಲೆಕ್ಕದ ತೂಕದಿಂದ ಭಾಗಿಸಿದರೆ ಆಸ್ಟಾ ಸಂಖ್ಯೆ ಬರುತ್ತದೆ. ಉಪಕರಣದ ಒಂದು ತಿದ್ದುಪಡಿ ಅಂಶವೂ ಇದೆ, ಅದು 1 ಅಂತ ಇಟ್ಟುಕೊಳ್ಳೋಣ. 0.080 ಗ್ರಾಂ ಪುಡಿಗೆ ಅಬ್ಸಾರ್ಬೆನ್ಸ್ 0.60 ಬಂದರೆ, 0.60 × 16.4 ÷ 0.080, ಅಂದರೆ 123.

ಇಲ್ಲಿ ಅವಳು ನಿಲ್ಲಬೇಕು. ಇಡೀ ಚೀಲದ ಬಣ್ಣ ಹೇಳಲು ಚಿಟಿಕೆಯಷ್ಟೂ ಇಲ್ಲದ 80 ಮಿಲಿಗ್ರಾಂ ಯಾಕೆ? 300 ಮಿಲಿಗ್ರಾಂ ಹಾಕಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಅವಳ ಪ್ರ್ಯಾಕ್ಟಿಕಲ್ ರೆಕಾರ್ಡಿನಲ್ಲೇ ಇದೆ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣ ಇಟ್ಟುಕೊಂಡು ಬಿಯರ್-ಲ್ಯಾಂಬರ್ಟ್ ನಿಯಮದ ಪ್ರಯೋಗ ನೀವೆಲ್ಲರೂ ಮಾಡಿದ್ದೀರಿ. ಗ್ರಾಫ್ ಮೊದಲಿಗೆ ನೇರ ಹೋಗಿ, ದ್ರಾವಣ ಗಾಢವಾದಂತೆ ಮೆಲ್ಲಗೆ ಬಾಗುತ್ತದೆ. ಬಾಗಿದ ಆ ಬಿಂದುಗಳನ್ನು ಬಹಳ ಜನ ರಬ್ಬರ್ ಹಾಕಿ ಅಳಿಸುತ್ತಾರೆ, ಅದು ಬೇರೆ ಮಾತು. ಇದೇ ಮೆಣಸಿನಕಾಯಿ 300 ಮಿಲಿಗ್ರಾಂ ಹಾಕಿದರೆ ಲೆಕ್ಕದ ಪ್ರಕಾರ ಅಬ್ಸಾರ್ಬೆನ್ಸ್ 2.25 ಆಗಬೇಕು. ಆಗ ದ್ರಾವಣದ ಮೂಲಕ ನೂರಕ್ಕೆ ಒಂದು ಪಾಲು ಬೆಳಕೂ ಹೊರಗೆ ಬರುವುದಿಲ್ಲ, ಅಷ್ಟು ಕಡಿಮೆ ಬೆಳಕನ್ನು ಸಾಧಾರಣ ಉಪಕರಣ ನಂಬುವಂತೆ ಅಳೆಯಲಾರದು. 0.60 ಇದ್ದಾಗ ಕಾಲು ಭಾಗ ಬೆಳಕು ಬರುತ್ತದೆ. ಅದಕ್ಕೇ ಓದಿಕೆ 0.30ರಿಂದ 0.70ರ ನಡುವೆ ಇರಬೇಕು ಅಂತ ವಿಧಾನ ಹೇಳುತ್ತದೆ, ಅದಕ್ಕೇ ತೂಕ ಅಷ್ಟು ಕಡಿಮೆ. ತಾನು ಕೈಯಾರೆ ಮಾಡಿದ ಒಂದು ಪ್ರಯೋಗವನ್ನು ಲೇಖನದ ಒಂದು ಸಾಲಿಗೆ ಹೀಗೆ ಜೋಡಿಸಿದಳಲ್ಲ, ಈ ವಾಕ್ಯ ಇನ್ಯಾವ ಪ್ರೊಫೆಸರರಿಗೂ ಹೋಗುವಂಥದ್ದಲ್ಲ.

ಮುಂದೆ ಓದುತ್ತಾಳೆ. ಪಟ್ಟಿಯ ಕೆಳಗೆ ಒಂದು ಸಾಲು: 'ಪ್ರತಿ ಅಳತೆಯನ್ನು ಮೂರು ಸಲ ಮಾಡಲಾಗಿದೆ.' ಇದು ನೂರಾರು ಲೇಖನಗಳಲ್ಲಿ ಕಾಣುವ ಸಾಲು, ನಾವು ಅಧ್ಯಾಪಕರೂ ಅವಸರದಲ್ಲಿ ದಾಟಿಬಿಡುತ್ತೇವೆ. ಮೂರು ಸಲ ಅಂದರೆ ಏನು? ಒಂದೇ ಪೊಟ್ಟಣ ತೆರೆದು, ಅದರಿಂದ ಮೂರು ಸಲ 80 ಮಿಲಿಗ್ರಾಂ ತೂಗಿ ಮೂರು ಫ್ಲಾಸ್ಕಿಗೆ ಹಾಕಿದರೇ? ಅಥವಾ ಮೂರು ಬೇರೆ ಪೊಟ್ಟಣ ತೆರೆದು ಒಂದೊಂದರಿಂದ ಒಂದೊಂದು ಫ್ಲಾಸ್ಕ್ ಮಾಡಿದರೇ? ಮೊದಲನೆಯದು ತೂಗುವವರ ಕೈ ಮತ್ತು ಉಪಕರಣ ಎಷ್ಟು ಸರಿ ಇವೆ ಅನ್ನುವುದನ್ನು ತೋರಿಸುತ್ತದೆ. ಎರಡನೆಯದು ಪೊಟ್ಟಣದಿಂದ ಪೊಟ್ಟಣಕ್ಕೆ ಬಣ್ಣ ಎಷ್ಟು ಬೇರೆ ಆಗುತ್ತದೆ ಅನ್ನುವುದನ್ನೂ ತೋರಿಸುತ್ತದೆ. ಒಂದು ತಿಂಗಳಲ್ಲಿ ಬಣ್ಣ 123ರಿಂದ 115ಕ್ಕೆ ಇಳಿಯಿತು ಅಂತ ಇಟ್ಟುಕೊಳ್ಳಿ. ಒಂದೇ ದಿನ ತೆರೆದ ಎರಡು ಪೊಟ್ಟಣಗಳಲ್ಲೇ ಒಂದು 119, ಇನ್ನೊಂದು 127 ತೋರಿಸಿದರೆ? ಎಂಟರ ಇಳಿಕೆ ನಿಜವಾಗಿ ಕಾಲದಿಂದ ಆದದ್ದೋ, ಕೈಗೆ ಸಿಕ್ಕ ಪೊಟ್ಟಣದಿಂದ ಆದದ್ದೋ ಹೇಳಲು ಬಾರದು.

ನನಗೆ ಈ ಪ್ರಶ್ನೆ ಬಹಳ ಇಷ್ಟ. ಕೇಳಲು ದೊಡ್ಡ ಓದು ಬೇಕಿಲ್ಲ, ಉತ್ತರ ಲೇಖನದಲ್ಲಿ ಇಲ್ಲ, ಪ್ರೊಫೆಸರರ ಲ್ಯಾಬ್ ಪುಸ್ತಕದಲ್ಲಿ ಮಾತ್ರ ಇದೆ. ಎಲ್ಲಕ್ಕಿಂತ ಮುಖ್ಯ, ಇದನ್ನು ಅಳೆದು ತಿಳಿಯಬಹುದು. ಆದರೆ ಒಂದು ಎಚ್ಚರ ಬೇಕು. 'ನಿಮ್ಮ ಲೇಖನದಲ್ಲಿ ದೋಷವಿದೆ' ಎಂಬ ಧಾಟಿಯಲ್ಲಿ ಬರೆಯಬಾರದು. ದೋಷ ಇದೆ ಅಂತ ನಿಮಗೆ ಗೊತ್ತಿಲ್ಲ, ಅವರು ಮೂರು ಪೊಟ್ಟಣವನ್ನೇ ತೆರೆದಿರಬಹುದು, ಬರೆಯಲು ಜಾಗ ಇರದೆ ಬಿಟ್ಟಿರಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಕೇಳಬೇಕು. ಕೇಳುವ ಮೊದಲು ಚರ್ಚೆಯ ಭಾಗ ಮತ್ತು ಪಟ್ಟಿಗಳ ಅಡಿಟಿಪ್ಪಣಿ ಪೂರ್ತಿ ನೋಡಿ, ಉತ್ತರ ಅಲ್ಲೇ ಇದ್ದರೆ ಪ್ರಶ್ನೆಯಿಂದ ನಿಮಗೇ ನಷ್ಟ.

ಈ ಹುಡುಗಿಯ ತಲೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡಿಯಾಗಿಯೇ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ, ಪುಡಿ ಮಾಡುವುದು ಆಮೇಲೆ. ಹಾಗಿರುವಾಗ ಇಡಿ ಕಾಯಿ ಎಷ್ಟು ಬಣ್ಣ ಕಳೆದುಕೊಳ್ಳುತ್ತದೆ, ಪುಡಿ ಎಷ್ಟು? ಪುಡಿಯಾದಾಗ ಗಾಳಿ ತಾಕುವ ಮೈ ಹೆಚ್ಚುತ್ತದೆ, ಕೆಂಪು ಬಣ್ಣದ ಕ್ಯಾಪ್ಸಾಂಥಿನ್ ಬೆಳಕು ಮತ್ತು ಆಮ್ಲಜನಕಕ್ಕೆ ಬೇಗ ಸೋಲುವ ಪದಾರ್ಥ. ಪ್ರಶ್ನೆ ಬಹಳ ಒಳ್ಳೆಯದು, ಊರಿನಿಂದಲೇ ಬಂದದ್ದು. ಆದರೆ ಆರು ತಿಂಗಳು ಇಟ್ಟು ನೋಡುವ ಕೆಲಸ ಎಂಟು ವಾರದ ಬೇಸಿಗೆಗೆ ಹಿಡಿಸುವುದಿಲ್ಲ. ಇಂಟರ್ನ್‌ಶಿಪ್ ಮೇಲ್‌ಗಳು ಜಾರುವ ಜಾಗ ಇದು. ಆಸೆ ಪಿಎಚ್‌ಡಿಯಷ್ಟು ದೊಡ್ಡದು, ಕೈಯಲ್ಲಿರುವ ಸಮಯ ಎರಡು ತಿಂಗಳು. ಪ್ರೊಫೆಸರ್ ಅದನ್ನು ಓದಿದಾಗ ಈ ಹುಡುಗಿಗೆ ಲ್ಯಾಬಿನ ಕಾಲದ ಅಂದಾಜಿಲ್ಲ ಅಂದುಕೊಳ್ಳುತ್ತಾರೆ. ಪೊಟ್ಟಣಗಳ ಪ್ರಶ್ನೆ ಹಾಗಲ್ಲ. ಸಂಜೆ ಹತ್ತು ಫ್ಲಾಸ್ಕ್ ಇಟ್ಟು ಮನೆಗೆ ಹೋದರೆ ಬೆಳಿಗ್ಗೆ ಬಂದು ಓದಬಹುದು, 16 ಗಂಟೆಯ ಕಾಯುವಿಕೆ ರಾತ್ರಿಯಲ್ಲೇ ಕಳೆಯುತ್ತದೆ. ಎರಡು ಮೂರು ವಾರದಲ್ಲಿ ಒಂದು ಉತ್ತರದ ಆಕಾರ ಕಾಣುತ್ತದೆ.

ಹೀಗೆಲ್ಲ ಯೋಚಿಸಿದ ಮೇಲೆ ಬರೆಯುವ ಮೇಲ್ ಉದ್ದ ಆಗಬೇಕಾಗಿಲ್ಲ. ನಿಜವಾದದ್ದು ಇಂಗ್ಲಿಷಿನಲ್ಲೇ ಹೋಗುತ್ತದೆ, ನಾನು ಇಲ್ಲಿ ಕನ್ನಡದಲ್ಲಿ ಓದುತ್ತೇನೆ. ವಿಷಯದ ಸಾಲು: 'ಮೇ-ಜೂನ್ ಇಂಟರ್ನ್‌ಶಿಪ್ ಕೋರಿಕೆ: ಮೆಣಸಿನ ಪುಡಿಯ ಬಣ್ಣದ ಅಳತೆ.' ಆಮೇಲೆ:

'ಗೌರವಾನ್ವಿತ ಮೇಡಂ, ನಾನು ಹಾವೇರಿ ಜಿಲ್ಲೆಯ ಕಾಲೇಜಿನಲ್ಲಿ ಬಿಎಸ್ಸಿ ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಮೇ ಮತ್ತು ಜೂನ್ ತಿಂಗಳಲ್ಲಿ ಎಂಟು ವಾರ ನಿಮ್ಮ ಲ್ಯಾಬಿನಲ್ಲಿ ಕೆಲಸ ಮಾಡಲು ಅವಕಾಶವಿದೆಯೇ ಎಂದು ಕೇಳಲು ಬರೆಯುತ್ತಿದ್ದೇನೆ.

'ಪೊಟ್ಟಣಗಳ ಮೇಲಿನ ನಿಮ್ಮ ಲೇಖನವನ್ನೂ ಅದೇ ಕೆಲಸದ ಪಿಎಚ್‌ಡಿ ಪ್ರಬಂಧದ ವಿಧಾನದ ಅಧ್ಯಾಯವನ್ನೂ ಓದಿದೆ. ಅಬ್ಸಾರ್ಬೆನ್ಸ್ 0.70 ದಾಟದಂತೆ ತೂಕ ಇಟ್ಟದ್ದು ನನಗೆ ಅರ್ಥವಾದದ್ದು ಕಾಲೇಜಿನ ಪರ್ಮ್ಯಾಂಗನೇಟ್ ಪ್ರಯೋಗದಿಂದ. ಅಲ್ಲಿ ಗಾಢ ದ್ರಾವಣಗಳಲ್ಲಿ ನನ್ನ ಗ್ರಾಫ್ ಬಾಗಿತ್ತು. ಒಂದು ಸಂಗತಿ ತಿಳಿಯಲಿಲ್ಲ: ಪ್ರತಿ ತಿಂಗಳ ಮೂರು ಓದಿಕೆಗಳು ಒಂದೇ ಪೊಟ್ಟಣದವೋ, ಮೂರು ಬೇರೆ ಪೊಟ್ಟಣಗಳವೋ? ಪೊಟ್ಟಣದಿಂದ ಪೊಟ್ಟಣಕ್ಕೆ ಇರುವ ವ್ಯತ್ಯಾಸವನ್ನು ಬೇರೆಯಾಗಿ ಅಳೆದು ನೋಡುವ ಕೆಲಸ ನಿಮಗೆ ಉಪಯೋಗವಾಗುವಂತಿದ್ದರೆ ಅದನ್ನು ಮಾಡಲು ನನಗೆ ಇಷ್ಟ. ಲ್ಯಾಬಿನಲ್ಲಿ ಬೇರೆ ಕೆಲಸ ಇದ್ದರೂ ಸಂತೋಷದಿಂದ ಕಲಿಯುತ್ತೇನೆ.

'ಕಲರಿಮೀಟರ್ ಬಳಸಿದ್ದೇನೆ, ಪ್ರಮಾಣ ದ್ರಾವಣಗಳನ್ನು ಮಾಡಿದ್ದೇನೆ. ನಮ್ಮ ಲ್ಯಾಬಿನ ತಕ್ಕಡಿ ಎರಡು ದಶಮಾಂಶದ್ದು, ಮಿಲಿಗ್ರಾಂ ತೂಕ ನನಗೆ ಹೊಸದು. ಧಾರವಾಡದಲ್ಲಿ ಉಳಿಯಲು ಸಂಬಂಧಿಕರ ಮನೆಯಿದೆ. ಅಂಕಪಟ್ಟಿ ಮತ್ತು ಒಂದು ಪುಟದ ಬಯೋಡೇಟಾ ಲಗತ್ತಿಸಿದ್ದೇನೆ.'

ಇಷ್ಟೇ. ಫೋನಿನ ಪರದೆಯಲ್ಲಿ ಎರಡು ಸಲ ಬೆರಳಾಡಿಸಿದರೆ ಮುಗಿಯುತ್ತದೆ. ತಕ್ಕಡಿಯ ಮಾತನ್ನು ಯಾಕೆ ಹಾಕಿದಳು ಅಂತ ನೀವು ಕೇಳಬಹುದು, ತನ್ನ ಕೊರತೆಯನ್ನು ತಾನೇ ಹೇಳಿಕೊಂಡಂತಾಯಿತಲ್ಲ ಅಂತ. ನೋಡ್ರಿ, ಎರಡು ದಶಮಾಂಶದ ತಕ್ಕಡಿ 0.08 ಗ್ರಾಂ ತೋರಿಸಿದಾಗ ನಿಜವಾದ ತೂಕ 75ರಿಂದ 85 ಮಿಲಿಗ್ರಾಂ ನಡುವೆ ಎಲ್ಲಿಯಾದರೂ ಇರಬಹುದು. ಅದರಿಂದಲೇ 123 ಅನ್ನುವ ಸಂಖ್ಯೆ ಆಚೆ ಈಚೆ ಎಂಟರಷ್ಟು ಓಡಾಡುತ್ತದೆ. ಒಂದು ತಿಂಗಳ ಇಳಿಕೆಯೇ ಎಂಟು ಅಂತ ಇಟ್ಟುಕೊಂಡಿದ್ದೆವು! ಹಾಗಾಗಿ ಮಿಲಿಗ್ರಾಂ ತೂಕ ಹೊಸದು ಅಂದದ್ದು ಕೊರತೆ ಮಾತ್ರ ಅಲ್ಲ, ಈ ಕೆಲಸದಲ್ಲಿ ತೂಕ ಎಷ್ಟು ಮುಖ್ಯ ಅಂತ ಅವಳಿಗೆ ಗೊತ್ತಿದೆ ಅನ್ನುವ ಗುರುತು. ಮೊದಲ ದಿನ ಏನು ಕಲಿಸಬೇಕು ಅನ್ನುವುದೂ ಪ್ರೊಫೆಸರರಿಗೆ ತಿಳಿಯುತ್ತದೆ. 'ನನಗೆ ಎಲ್ಲ ಉಪಕರಣಗಳೂ ಬರುತ್ತವೆ' ಎಂದು ಬರೆದ ವಿದ್ಯಾರ್ಥಿಯ ಕೈಗೆ ಉಪಕರಣ ಕೊಡಲು ನಮಗೆ ಭಯ.

ಸಂಖ್ಯೆಗಳನ್ನು ಮೆರೆಸಲಿಕ್ಕೆ ತುಂಬಬೇಡಿ. 460 ನ್ಯಾನೋಮೀಟರ್, 16 ಗಂಟೆ, 16.4, ಎಲ್ಲವನ್ನೂ ಮೇಲ್‌ಗೆ ಸುರಿದರೆ ವಿಧಾನವನ್ನು ನಕಲು ಮಾಡಿದಂತೆ ಕಾಣುತ್ತದೆ. ಅವಳು ಹಾಕಿದ್ದು 0.70 ಒಂದೇ, ಅದರ ಜೊತೆ ತನ್ನ ಪ್ರಯೋಗ ಇತ್ತು ಅನ್ನುವ ಕಾರಣಕ್ಕೆ.

ಕಳಿಸುವ ವಿಚಾರದಲ್ಲಿ ಕೆಲವು ಮಾತು. ಒಂದೇ ಮೇಲ್ ಅನ್ನು ಮೂವತ್ತು ಜನರಿಗೆ ಒಟ್ಟಿಗೆ ಕಳಿಸುವವರಿದ್ದಾರೆ, ಒಂದು ವಿಭಾಗದ ಅಧ್ಯಾಪಕರು ಮಧ್ಯಾಹ್ನ ಚಹಾ ಕುಡಿಯುತ್ತಾ ಕೂತಾಗ ಅದು ಹೊರಬೀಳುತ್ತದೆ. ಈ ರೀತಿ ಓದಿ ಬರೆದರೆ ಒಂದು ತಿಂಗಳಲ್ಲಿ ನಾಲ್ಕೈದು ಮೇಲ್ ಆಗಬಹುದು, ಅಷ್ಟು ಸಾಕು. ಮೇಡಂ ಅವರಿಗೆ 'ಡಿಯರ್ ಸರ್' ಅಂತ ಬರೆದ ಮೇಲ್‌ಗಳು ಇವತ್ತಿಗೂ ಬರುತ್ತವೆ, ವಿಭಾಗದ ಪುಟ ಒಮ್ಮೆ ತೆರೆದು ನೋಡಿದ್ದರೆ ಇದು ಆಗುತ್ತಿರಲಿಲ್ಲ. ಹತ್ತು ದಿನ ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಬರೆಯಿರಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಮತ್ತೊಬ್ಬರ ಲೇಖನ ತೆಗೆಯಿರಿ. ಅವರು ರಜೆಯಲ್ಲಿರಬಹುದು, ಲ್ಯಾಬಿನಲ್ಲಿ ಜಾಗ ಇರದಿರಬಹುದು, ಯೋಜನೆಯ ಹಣ ಮುಗಿದಿರಬಹುದು. ಎಷ್ಟು ಚೆನ್ನಾಗಿ ಬರೆದರೂ ಇವು ಯಾವುವೂ ಬದಲಾಗುವುದಿಲ್ಲ.

ಕೆಲವು ಕಡೆ ಮೇಲ್‌ನಿಂದ ಪ್ರವೇಶವೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್, ಇವುಗಳಿಗೆ ಅವರದೇ ಅರ್ಜಿ ತುಂಬಬೇಕು, ಕೊನೆಯ ದಿನಾಂಕ ಆಯಾ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ. ಅಂಥ ಅರ್ಜಿಗಳಲ್ಲಿ ನಿಮ್ಮ ಆಸಕ್ತಿಯ ಬಗ್ಗೆ ಚಿಕ್ಕ ಬರಹ ಕೇಳಿದರೆ, ಮೇಲ್‌ನ ಎರಡನೇ ಪ್ಯಾರಾವನ್ನೇ ಬೆಳೆಸಿ ಬರೆಯಬಹುದು.

ಉತ್ತರ ಬಂತು ಅಂತ ಇಟ್ಟುಕೊಳ್ಳೋಣ. ಮೇಡಂ ಫೋನಿನಲ್ಲಿ ಮಾತಾಡೋಣ ಅಂದರು. ಅವರು ಕೇಳುವುದು ಬಯೋಡೇಟಾ ಬಗ್ಗೆ ಅಲ್ಲ, ಮೇಲ್‌ನ ಆ ಪ್ರಶ್ನೆಯ ಬಗ್ಗೆ. 'ಒಂದೇ ಪೊಟ್ಟಣದಿಂದಲೇ ತೆಗೆದಿದ್ದೆವು ಅಂತ ಇಟ್ಟುಕೋ ತಂಗಿ, ಈಗ ನೀನಾಗಿದ್ದರೆ ಏನು ಮಾಡ್ತಿದ್ದೆ?' ಇದಕ್ಕೆ ಒಂದು ಉತ್ತರ ಮೊದಲೇ ಹಾಳೆಯ ಮೇಲೆ ಬರೆದಿಟ್ಟುಕೊಂಡಿರಬೇಕು. ಒಂದೇ ದಿನ ತುಂಬಿದ ಐದು ಪೊಟ್ಟಣ ತೆರೆಯುತ್ತೇನೆ, ಪ್ರತಿಯೊಂದರಿಂದ ಎರಡು ಫ್ಲಾಸ್ಕ್, ಒಟ್ಟು ಹತ್ತು. ಒಂದೇ ಪೊಟ್ಟಣದ ಎರಡು ಫ್ಲಾಸ್ಕುಗಳು ಹತ್ತಿರ ಹತ್ತಿರ ಇದ್ದು ಪೊಟ್ಟಣಗಳು ದೂರ ದೂರ ಇದ್ದರೆ, ವ್ಯತ್ಯಾಸ ಪೊಟ್ಟಣದ್ದು. ಎರಡು ಫ್ಲಾಸ್ಕುಗಳೇ ದೂರ ಇದ್ದರೆ ನನ್ನ ತೂಕವನ್ನೋ ಪುಡಿಯ ಮಿಶ್ರಣವನ್ನೋ ಮೊದಲು ನೋಡಬೇಕು. ಪುಡಿಯಲ್ಲಿ ಬೀಜ ಸೇರಿದೆಯೇ ಅಂತಲೂ ಕೇಳಿಕೊಳ್ಳಬಹುದು. ಬೀಜದಲ್ಲಿ ಕೆಂಪು ಬಣ್ಣ ಇಲ್ಲದ್ದರಿಂದ, ಬೀಜದ ಚೂರು ಹೆಚ್ಚು ಬಿದ್ದ 80 ಮಿಲಿಗ್ರಾಂ ಕಡಿಮೆ ಸಂಖ್ಯೆ ತೋರಿಸುತ್ತದೆ. 'ಕತ್ತಲಲ್ಲಿ ಯಾಕೆ ಇಡ್ತಾರೆ?' ಅಂತ ಕೇಳಿದರೆ, 'ಬೆಳಕಿಗೆ ಬಣ್ಣ ಹೋಗುತ್ತೆ ಮೇಡಂ, ಓದಿದ್ದೇನೆ, ಮಾಡಿ ನೋಡಿಲ್ಲ' ಅಂದರೆ ಸಾಕು. ಫೋನ್ ಇಡುವ ಮೊದಲು ಯಾವ ತಾರೀಖಿಗೆ ಬರಬೇಕು, ಕಾಲೇಜಿನಿಂದ ಯಾವ ಪತ್ರ ತರಬೇಕು ಅಂತ ಕೇಳಿ ಬರೆದುಕೊಳ್ಳಿ. ಪ್ರಾಂಶುಪಾಲರ ಸಹಿ ಆಗಲು ಒಂದು ವಾರ ಹಿಡಿಯಬಹುದು, ಪರೀಕ್ಷೆ ಶುರುವಾಗುವ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳಿ.